ಪ್ರಮಾಣವಚನ ಆದ ಮೇಲಿನ ಮೂರು ನಿಮಿಷ

ಪ್ರಶ್ನೆ: ನಮ್ಮ ಕಾಲೇಜಿನ ವಿದ್ಯಾರ್ಥಿ ಸಂಘದ ಅಧ್ಯಕ್ಷೆಯಾಗಿ ಆಯ್ಕೆಯಾಗಿದ್ದೇನೆ. ಒಟ್ಟು 1,140 ಮತದಾರರು. ನನಗೆ 412, ಎದುರಾಳಿಗೆ 375. ಬರುವ ಸೋಮವಾರ ಪ್ರಮಾಣವಚನ, ಆದ ಕೂಡಲೇ ಮೂರು ನಿಮಿಷ ಮಾತಾಡಬೇಕು. ‘ಇಷ್ಟು ದೊಡ್ಡ ಹುದ್ದೆಗೆ ನಾನು ಅರ್ಹಳಲ್ಲ’ ಅಂತ ಶುರು ಮಾಡಿದ್ದೆ, ಗೆಳತಿ ಓದಿ ‘ನಾಟಕ ಆಯ್ತು’ ಅಂದಳು. ಪ್ರಚಾರದಲ್ಲಿ ಎಲ್ಲರೂ ಕೇಳಿದ್ದು ಒಂದೇ: ಸಂಜೆ 5ಕ್ಕೆ ಮುಚ್ಚುವ ಗ್ರಂಥಾಲಯ 7ರವರೆಗೆ ತೆರೆದಿರಲಿ. ‘ಮಾಡಿಸ್ತೀನಿ’ ಅಂತ ನಾನೂ ಹೇಳಿದ್ದೆ. ಜಂಬ ಕಾಣಬಾರದು, ಒಣಮಾತೂ ಆಗಬಾರದು. ಹೇಗೆ ಬರೆಯಲಿ?

ಉತ್ತರ: ನಿಮ್ಮ ಗೆಳತಿಯ ಕಿವಿ ಚುರುಕಾಗಿದೆ. ‘ನಾನು ಅರ್ಹಳಲ್ಲ’ ಅನ್ನುವ ಮಾತನ್ನು ಕೇಳಿದವರಿಗೆ ಎರಡೇ ದಾರಿ. ನಂಬಿದರೆ, ಮತ ಹಾಕಿದ 412 ಮಂದಿ ತಪ್ಪು ಮಾಡಿದರು ಎಂದಾಗುತ್ತದೆ. ನಂಬದಿದ್ದರೆ, ‘ಇಲ್ಲ ಇಲ್ಲ, ನೀವೇ ಸರಿ’ ಅನ್ನಿಸಿಕೊಳ್ಳಲು ಹೇಳಿದ ಮಾತು ಅನ್ನಿಸುತ್ತದೆ. ಎರಡರಲ್ಲೂ ಕೇಳುಗರ ಗಮನ ನಿಮ್ಮ ಮೇಲೆಯೇ ನಿಲ್ಲುತ್ತದೆ. ವಿನಯ ಬೇಕಾದರೆ ನಿಮ್ಮ ಗುಣದ ಮಾತನ್ನೇ ಎತ್ತಬೇಡಿ. ಎರಡು ಅಳತೆಗಳನ್ನು ಸರಿಯಾಗಿ ಹೇಳಿ: ನಿಮಗೆ ಸಿಕ್ಕ ಬೆಂಬಲ ಎಷ್ಟು, ನಿಮ್ಮ ಕೈಯಲ್ಲಿರುವ ಅಧಿಕಾರ ಎಷ್ಟು. ಎರಡನ್ನೂ ಇದ್ದಷ್ಟೇ ಹೇಳಿದರೆ ‘ವಿನಮ್ರವಾಗಿ’ ಅನ್ನುವ ಪದ ಭಾಷಣದಲ್ಲಿ ಒಮ್ಮೆಯೂ ಬರಬೇಕಾಗಿಲ್ಲ.

ಮೊದಲನೆಯ ಅಳತೆ ನೀವು ಕೊಟ್ಟ ಅಂಕಿಗಳಲ್ಲೇ ಇದೆ. 412ರಿಂದ 375 ಕಳೆದರೆ 37. ಗೆದ್ದವರು ಸಾಮಾನ್ಯವಾಗಿ ಇಷ್ಟಕ್ಕೇ ಲೆಕ್ಕ ನಿಲ್ಲಿಸುತ್ತಾರೆ. ಇನ್ನೊಂದು ಕಡೆಯಿಂದ ನೋಡಿ. 1,140ರಲ್ಲಿ 412 ಅಂದರೆ ನೂರಕ್ಕೆ 36. ಉಳಿದ 728 ಮಂದಿಯಲ್ಲಿ 375 ಮಂದಿ ಇನ್ನೊಬ್ಬರಿಗೆ ಹಾಕಿದರು, 353 ಮಂದಿ ಮತಗಟ್ಟೆಗೇ ಬರಲಿಲ್ಲ ಅಥವಾ ಅವರ ಮತ ಕುಲಗೆಟ್ಟಿತು. ಸಭಾಂಗಣದಲ್ಲಿ ನಿಮ್ಮ ಎದುರು ಕೂತವರಲ್ಲಿ ಹೆಚ್ಚಿನವರು ನಿಮಗೆ ಮತ ಹಾಕಿದವರಲ್ಲ. ಅದು ಅವರಿಗೂ ಗೊತ್ತು. ನಿಮಗೂ ಗೊತ್ತಿದೆ ಅನ್ನುವುದು ಮೊದಲ ಅರ್ಧ ನಿಮಿಷದಲ್ಲೇ ಕೇಳಿಸಿಬಿಟ್ಟರೆ ಅವರು ಮುಂದಿನದಕ್ಕೆ ಕಿವಿ ಕೊಡುತ್ತಾರೆ.

ಆದರೆ ಒಂದು ಎಚ್ಚರ. ಮತಗಳ ಸಂಖ್ಯೆಯನ್ನು ಚುನಾವಣಾಧಿಕಾರಿ ಬಹಿರಂಗವಾಗಿ ಘೋಷಿಸಿದ್ದರೆ ಮಾತ್ರ ವೇದಿಕೆಯಲ್ಲಿ ಹೇಳಿ. ಕೆಲವು ಸಂಸ್ಥೆಗಳಲ್ಲಿ ಗೆದ್ದವರ ಹೆಸರನ್ನಷ್ಟೇ ಪ್ರಕಟಿಸುತ್ತಾರೆ, ಸೋತವರ ಮತ ಎಷ್ಟು ಎಂದು ಹೊರಗೆ ಬಿಡುವುದಿಲ್ಲ. ಅಂಥ ಕಡೆ ಎಣಿಕೆಗೆ ಕೂತ ಏಜೆಂಟರಿಂದ ತಿಳಿದ ಅಂಕಿಯನ್ನು ಮೈಕಿನಲ್ಲಿ ಹೇಳಿದರೆ ಸೋತವರಿಗೆ ಅವಮಾನವಾಗುತ್ತದೆ. ಹಾಗೆಯೇ, ಯಾರಾದರೂ 800ಕ್ಕೆ 120ರಂತೆ ಗೆದ್ದಿದ್ದರೆ ಇದೇ ವಾಕ್ಯ ಜಂಬವಾಗಿ ಕೇಳುತ್ತದೆ. ಅವರು ಅಂತರ ಬಿಟ್ಟು, ಮತ ಹಾಕದವರ ಸಂಖ್ಯೆಯನ್ನಷ್ಟೇ ಹೇಳಬೇಕು.

ಎದುರಾಳಿಯ ವಿಷಯಕ್ಕೆ ಬಂದರೆ, ‘ನನ್ನ ಪ್ರತಿಸ್ಪರ್ಧಿಗಳಿಗೂ ಅಭಿನಂದನೆಗಳು’ ಅನ್ನುವುದರಿಂದ ಏನೂ ಆಗುವುದಿಲ್ಲ. ‘ಅವರೂ ಚೆನ್ನಾಗಿ ಹೋರಾಡಿದರು’ ಅನ್ನುವುದು ಇನ್ನೂ ಕೆಟ್ಟದು, ಗೆದ್ದವರು ಬೆನ್ನು ತಟ್ಟಿದ ಹಾಗೆ ಇರುತ್ತದೆ. ಅವರ ಹೆಸರು ಹೇಳಿ, ಅವರ ಪ್ರಚಾರದಲ್ಲಿದ್ದ ಒಂದೇ ಒಂದು ಆಲೋಚನೆಯನ್ನು ಹೇಳಿ, ಅದನ್ನು ನೀವು ಏನು ಮಾಡುತ್ತೀರಿ ಎಂದು ಹೇಳಿ. ಇದಕ್ಕೆ ಮೂರು ವಾಕ್ಯ ಸಾಕು. ಮೊದಲೇ ಅವರನ್ನು ಭೇಟಿಯಾಗಿ, ಬರೆದಿದ್ದನ್ನು ತೋರಿಸಿ ಒಪ್ಪಿಗೆ ಪಡೆಯಿರಿ. ಸೋತು ವಾರವೂ ಆಗದವರನ್ನು ವೇದಿಕೆಯಿಂದ ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಬೇಡಿ. ಉಪಸಮಿತಿಯ ಹುದ್ದೆಯನ್ನೋ ಜವಾಬ್ದಾರಿಯನ್ನೋ ಅಲ್ಲೇ ಘೋಷಿಸಬೇಡಿ. ಸಭೆಯ ಎದುರು ‘ಬೇಡ’ ಅನ್ನಲು ಅವರಿಗೆ ದಾರಿಯೇ ಇರುವುದಿಲ್ಲ.

ಎರಡನೆಯ ಅಳತೆ ಅಧಿಕಾರದ್ದು. ನಿಮ್ಮ ಭಾಷಣದ ಕಷ್ಟದ ಜಾಗ ಇದೇ, ಏಕೆಂದರೆ ಗ್ರಂಥಾಲಯದ ಬಗ್ಗೆ ನೀವು ಆಗಲೇ ಮಾತು ಕೊಟ್ಟಿದ್ದೀರಿ. ಗ್ರಂಥಾಲಯದ ವೇಳೆಯನ್ನು ವಿದ್ಯಾರ್ಥಿ ಸಂಘ ಬದಲಿಸಲು ಆಗುವುದಿಲ್ಲ. ಸಾಮಾನ್ಯವಾಗಿ ಅದನ್ನು ನಿರ್ಧರಿಸುವುದು ಗ್ರಂಥಾಲಯ ಸಮಿತಿ ಅಥವಾ ಪ್ರಾಂಶುಪಾಲರು. ಅವರು ನೋಡುವುದು ಸಿಬ್ಬಂದಿಯ ಕೆಲಸದ ಅವಧಿ, ಕತ್ತಲಾದ ಮೇಲೆ ಕಾವಲು, ಬೀಗ ಹಾಕುವವರು ಯಾರು ಅನ್ನುವಂಥ ಸಂಗತಿಗಳು. ಇವುಗಳಲ್ಲಿ ಯಾವುದು ನಿಮ್ಮಲ್ಲಿ ನಿಜವಾದ ತೊಡಕು ಎಂದು ಈಗ ನಿಮಗೆ ಗೊತ್ತಿರಲಿಕ್ಕಿಲ್ಲ. ಸೋಮವಾರಕ್ಕೆ ಮೊದಲು ಗ್ರಂಥಪಾಲಕರ ಹತ್ತಿರ ಹೋಗಿ ಎರಡೇ ಪ್ರಶ್ನೆ ಕೇಳಿ: ವೇಳೆ ಬದಲಿಸುವ ತೀರ್ಮಾನ ಯಾರದು? ಐದಕ್ಕೇ ಮುಚ್ಚುವುದಕ್ಕೆ ಕಾರಣ ಏನು? ಈ ಎರಡು ಉತ್ತರ ಸಿಗದೆ ಭಾಷಣದ ಆ ಭಾಗ ಬರೆಯಲು ಕೂರಬೇಡಿ. ಬರೆದರೆ ಪೆನ್ನು ತಾನಾಗಿ ‘ಶ್ರಮಿಸುತ್ತೇನೆ’, ‘ಪ್ರಾಮಾಣಿಕ ಪ್ರಯತ್ನ ಮಾಡುತ್ತೇನೆ’ ಕಡೆಗೆ ಹೊರಳುತ್ತದೆ. ಆ ಕ್ರಿಯಾಪದಗಳ ತೊಂದರೆ ಏನೆಂದರೆ, ಶ್ರಮಿಸಿದಿರೋ ಇಲ್ಲವೋ ಎಂದು ಯಾರೂ ಪರೀಕ್ಷಿಸಲು ಆಗುವುದಿಲ್ಲ. ‘ಎಣಿಸುತ್ತೇವೆ’, ‘ಅಂಟಿಸುತ್ತೇವೆ’, ‘ಕೊಡುತ್ತೇವೆ’ ಅಂದರೆ ಆಯಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುತ್ತದೆ.

ಸಂಘದ ಕೈಯಲ್ಲಿ ಇರುವುದು ಎಣಿಸುವುದು, ಬರೆಯುವುದು, ಮನವಿ ಕೊಡುವುದು, ಬಂದ ಉತ್ತರವನ್ನು ಎಲ್ಲರಿಗೂ ತಿಳಿಸುವುದು. ಇದು ಕಡಿಮೆಯಲ್ಲ. ವೇಳೆ ಹೆಚ್ಚಿಸಿ ಎಂದು ಹೋಗುವ ಮನವಿಗಳು ತಿರುಗಿ ಬರುವುದು ಹೆಚ್ಚಾಗಿ ‘ಆ ಹೊತ್ತಿನಲ್ಲಿ ಓದುವವರು ಯಾರಿರುತ್ತಾರೆ?’ ಅನ್ನುವ ಒಂದೇ ಪ್ರಶ್ನೆಗೆ. ಸಹಿಗಳ ಪಟ್ಟಿ ಅದಕ್ಕೆ ಉತ್ತರವಾಗುವುದಿಲ್ಲ, ಯಾಕೆಂದರೆ ಸಹಿ ಹಾಕಲು ಯಾರಿಗೂ ಖರ್ಚಿಲ್ಲ. ಎಣಿಕೆ ಉತ್ತರವಾಗುತ್ತದೆ. ಹತ್ತು ಕೆಲಸದ ದಿನ, ದಿನಕ್ಕೆ ಎರಡು ಸಲ, ಓದುವ ಕುರ್ಚಿಗಳಲ್ಲಿ ಎಷ್ಟು ಜನ ಕೂತಿದ್ದಾರೆ ಎಂದು ಬರೆದಿಟ್ಟರೆ ಇಪ್ಪತ್ತು ಅಂಕಿ ಸಿಗುತ್ತವೆ.

ಎರಡು ಸಲ ಯಾಕೆ? ಮುಚ್ಚುವ ಹೊತ್ತಿಗೆ ಸರಿಯಾಗಿ ಹೋಗಿ ಎಣಿಸಿದರೆ ಅಂಕಿ ಮೋಸ ಮಾಡುತ್ತದೆ. ಐದಕ್ಕೆ ಬಾಗಿಲು ಹಾಕುವ ಕಡೆ ಹತ್ತು ಹದಿನೈದು ನಿಮಿಷ ಮೊದಲೇ ಕೆಲವು ದೀಪ ಆರಿಸುತ್ತಾರೆ, ಪುಸ್ತಕ ಹಿಂದಕ್ಕೆ ಪಡೆಯುತ್ತಾರೆ, ಓದುತ್ತಿದ್ದವರು ಚೀಲ ಕಟ್ಟುತ್ತಾರೆ. 4:55ಕ್ಕೆ ಸಿಗುವವರು ಕೊನೆಯ ಹಟಮಾರಿಗಳು ಮಾತ್ರ. 4:30ಕ್ಕೊಮ್ಮೆ, 4:55ಕ್ಕೊಮ್ಮೆ ಎಣಿಸಿದರೆ ಮುಚ್ಚುವ ಸದ್ದಿಗೇ ಎದ್ದು ಹೋದವರು ಎಷ್ಟು ಎಂದು ಅಂದಾಜು ಸಿಗುತ್ತದೆ. ಆದರೂ ಅಷ್ಟು ಬೇಗ ಮುಚ್ಚುತ್ತದಲ್ಲ ಎಂದು ಆ ಕಡೆಗೇ ಬಾರದವರು ಈ ಲೆಕ್ಕದಲ್ಲಿ ಬರುವುದಿಲ್ಲ. ಆ ಮಿತಿಯನ್ನು ಮನವಿಯಲ್ಲಿ ನೀವೇ ಬರೆಯಿರಿ. ಇಷ್ಟು ವಿವರ ಭಾಷಣಕ್ಕೆ ಬೇಡ, ಭಾಷಣದಲ್ಲಿ ಎಣಿಸುವ ಆ ಎರಡು ಸಮಯ ಹೇಳಿದರೆ ಸಾಕು. ಆದರೆ ಹಿಂದೆ ಈ ಲೆಕ್ಕಾಚಾರ ಇದ್ದರೆ ಮಾತಿನ ಧ್ವನಿಯೇ ಬೇರೆಯಾಗಿರುತ್ತದೆ. ಇಳಿದು ಬಂದ ಮೇಲೆ ಯಾರಾದರೂ ‘4:30 ಯಾಕೆ?’ ಎಂದು ಕೇಳಿದರೆ ತಡವರಿಸುವುದೂ ತಪ್ಪುತ್ತದೆ.

ಪ್ರಚಾರದಲ್ಲಿ ‘ಮಾಡಿಸ್ತೀನಿ’ ಅಂದದ್ದನ್ನು ವೇದಿಕೆಯಲ್ಲೇ ತಿದ್ದಿ. ಇದನ್ನು ಹೇಳಿದರೆ ಹೊಸ ಅಧ್ಯಕ್ಷರು ಬೆಚ್ಚಿಬೀಳುತ್ತಾರೆ, ಮೊದಲ ದಿನವೇ ಸೋಲೊಪ್ಪಿಕೊಂಡ ಹಾಗಾಗುವುದಿಲ್ಲವೇ ಎಂದು. ಆರು ತಿಂಗಳಾದ ಮೇಲೆ ಅದೇ ಮಾತನ್ನು ಕಾರಿಡಾರಿನಲ್ಲಿ ಯಾರೋ ಕೇಳಿದಾಗ ‘ಅದು ನನ್ನ ಕೈಯಲ್ಲಿಲ್ಲ’ ಅಂದರೆ ನೆಪವಾಗುತ್ತದೆ. ಮೊದಲ ದಿನ ಯಾರೂ ಕೇಳದೆ ಹೇಳಿದರೆ ಮಾಹಿತಿಯಾಗುತ್ತದೆ. ತಿದ್ದುವಾಗ ‘ಸ್ವಲ್ಪ ತಪ್ಪಾಗಿ ಅರ್ಥೈಸಲಾಯಿತು’ ಅನ್ನಬೇಡಿ. ‘ಆ ಮಾತು ತಪ್ಪು’ ಎಂದು ಮೂರು ಪದದಲ್ಲಿ ಮುಗಿಸಿ, ಮುಂದಿನ ವಾಕ್ಯಕ್ಕೆ ಹೋಗಿ.

ಈ ಭಾಗವನ್ನು ಪ್ರಾಂಶುಪಾಲರಿಗೂ ಗ್ರಂಥಪಾಲಕರಿಗೂ ಎರಡು ದಿನ ಮೊದಲೇ ತೋರಿಸಿ. ಎಲ್ಲ ಮಾತಿಗೂ ಅವರ ಅನುಮತಿ ಬೇಕೆಂದಲ್ಲ. ತಮ್ಮ ಇಲಾಖೆಯ ಹೆಸರನ್ನು ಮೊದಲ ಬಾರಿಗೆ ಮೈಕಿನಲ್ಲಿ ಕೇಳಿದ ಅಧಿಕಾರಿ ಮೊದಲು ಬಿಗಿಯಾಗುತ್ತಾರೆ, ಆಮೇಲೆ ಮನವಿಯನ್ನು ಬಿಗಿಯಾಗಿಯೇ ಓದುತ್ತಾರೆ. ಜೊತೆಗೆ ಅವರು ನಿಮ್ಮ ತಪ್ಪು ಹಿಡಿಯಬಹುದು: ಸಮಿತಿಯ ಹೆಸರು, ಅದು ಸೇರುವ ದಿನ, ಓದುವ ಕೋಣೆಯೊಳಗೆ ಎಣಿಸಲು ಯಾರನ್ನು ಕೇಳಬೇಕು. ಸಂಗತಿ ತಪ್ಪಿದೆ ಅಂದರೆ ತಿದ್ದಿಕೊಳ್ಳಿ. ‘ಈ ವಿಷಯವೇ ಬೇಡ’ ಅಂದರೆ ವಿದ್ಯಾರ್ಥಿ ಸಂಘದ ಸಲಹೆಗಾರ ಅಧ್ಯಾಪಕರ ಜೊತೆ ಮಾತಾಡಿ. ಹೇಗೂ ಅದು ಭಾಷಣಕ್ಕೆ ಮೊದಲೇ ಗೊತ್ತಾಗುವುದು ಒಳ್ಳೆಯದು.

ಒಂದೇ ಭರವಸೆ ಇರಲಿ. ಪ್ರಚಾರದಲ್ಲಿ ಏಳೆಂಟು ವಿಷಯ ಇದ್ದಿರಬಹುದು, ಅವನ್ನೆಲ್ಲ ಮತ್ತೆ ಓದಿದರೆ ಇದು ಪ್ರಚಾರದ ಇನ್ನೊಂದು ಭಾಷಣ ಆಗುತ್ತದೆ. ಚುನಾವಣೆಯ ದಿನವೇ ಆ ಕೆಲಸ ಮುಗಿದಿದೆ.

ಇನ್ನು ಉದ್ದ. ಕನ್ನಡದ ಪದಗಳು ಉದ್ದ, ವಿಭಕ್ತಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ಆದ್ದರಿಂದ ಇಂಗ್ಲಿಷ್ ಭಾಷಣಕ್ಕೆ ಹೇಳುವ ‘ನಿಮಿಷಕ್ಕೆ 130 ಪದ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಭೆಗೆ ಕೇಳಿಸುವಂತೆ ಓದಿದರೆ ನಿಮಿಷಕ್ಕೆ 80ರಿಂದ 90 ಪದ ಎಂದು ಹಿಡಿಯಿರಿ. ನಿಮ್ಮದೇ ವೇಗ ಗೊತ್ತಾಗಲು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಎರಡು ಸಲ ಓದಿ. ಮನಸ್ಸಿನಲ್ಲಿ ಓದಿದ ಸಮಯ ಲೆಕ್ಕಕ್ಕೆ ಬರುವುದಿಲ್ಲ. ಮೂರು ನಿಮಿಷ ಕೊಟ್ಟಿದ್ದಾರೆ ಅಂದರೆ ಎರಡೂವರೆಗೆ ಬರೆಯಿರಿ, ಉಳಿದದ್ದನ್ನು ಚಪ್ಪಾಳೆಯೂ ಮೈಕ್ ಸರಿಮಾಡುವುದೂ ತಿನ್ನುತ್ತವೆ. ಚಿಕ್ಕದಾಯಿತೆಂದು ಚಿಂತೆ ಬೇಡ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1793ರಲ್ಲಿ ಎರಡನೇ ಬಾರಿ ಅಧಿಕಾರ ವಹಿಸಿಕೊಂಡಾಗ ಮಾಡಿದ ಭಾಷಣ 135 ಪದದ್ದು. ಅಷ್ಟರಲ್ಲೇ ಅವರು, ತಾನು ತಿಳಿದೂ ಪ್ರಮಾಣ ಮುರಿದರೆ ಸಂವಿಧಾನ ಕೊಡುವ ಶಿಕ್ಷೆಯ ಜೊತೆಗೆ ಇಲ್ಲಿ ಸಾಕ್ಷಿಯಾಗಿರುವವರೆಲ್ಲರ ನಿಂದೆಗೂ ಗುರಿಯಾಗಲಿ ಎಂದು ಹೇಳಿದ್ದರು. ಕೇಳುಗರ ಕೈಗೆ ಒಂದು ಅಳತೆಗೋಲು ಕೊಟ್ಟು ಹೋದ ಮಾತು ಅದು. ನಿಮ್ಮ ಭಾಷಣದಲ್ಲಿ ಆ ಕೆಲಸವನ್ನು ಒಂದು ತಾರೀಕು ಮಾಡಬಲ್ಲದು.

ಸಮಯ ಸೋರಿಹೋಗುವುದು ಹೆಚ್ಚಾಗಿ ಆರಂಭದ ಸಂಬೋಧನೆಯಲ್ಲಿ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಶುರುವಾಗಿ ಆರು ಹೆಸರು, ಆರು ಹುದ್ದೆ, ಪ್ರತಿಯೊಂದಕ್ಕೂ ‘ಅವರೇ’. ಗಡಿಯಾರ ಹಿಡಿದರೆ ಮುಕ್ಕಾಲು ನಿಮಿಷ. ನಿರೂಪಕರು ಆ ಹೆಸರುಗಳನ್ನು ಆಗಲೇ ಹೇಳಿಯಾಗಿರುತ್ತದೆ. ಒಂದು ವಾಕ್ಯದಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿ ಮುಂದೆ ಸಾಗಿ. ಧನ್ಯವಾದಕ್ಕೂ ಇದೇ ಮಾತು. ಎರಡು ಗುಂಪಿಗೆ ಹೇಳಿ, ಪ್ರತಿಯೊಬ್ಬರಿಗೂ ಅವರು ಮಾಡಿದ ಒಂದು ಕೆಲಸವನ್ನು ಹೆಸರಿಸಿ. ನಿಮ್ಮ ಪ್ರಚಾರ ಮಾಡಿದ ಗೆಳೆಯರಿಗೆ ಕೃತಜ್ಞತೆಯನ್ನು ಹೊರಗೆ, ಅವರ ಎದುರು ಹೇಳಿ. ವೇದಿಕೆಯಲ್ಲಿ ಹೇಳಿದರೆ ಮತ್ತೆ ಒಂದು ಪಕ್ಷದವರಾಗುತ್ತೀರಿ.

ಇನ್ನೊಂದು ಸಣ್ಣ ವಿಷಯ ಕನ್ನಡದ್ದೇ. ತೆಲುಗಿನಲ್ಲಿ ಕೇಳುಗರನ್ನೂ ಸೇರಿಸಿದ ‘ನಾವು’ ಬೇರೆ, ಸೇರಿಸದ ‘ನಾವು’ ಬೇರೆ. ತಮಿಳಿನಲ್ಲೂ ಹಾಗೇ. ನಮ್ಮಲ್ಲಿ ಎರಡಕ್ಕೂ ಒಂದೇ ಪದ. ‘ನಾವು ಎಣಿಸುತ್ತೇವೆ’ ಅಂದರೆ ಸಂಘದವರೋ, ಕೂತ ಎಲ್ಲರೋ ಗೊತ್ತಾಗದು. ಹಾಗಾಗಿ ಭರವಸೆಯ ವಾಕ್ಯದಲ್ಲಿ ‘ಸಂಘದ ಇಬ್ಬರು ಸದಸ್ಯರು’ ಎಂದು ಮಾಡುವವರನ್ನೇ ಹೆಸರಿಸಿ. ತಪ್ಪಿನ ವಾಕ್ಯದಲ್ಲಿ ಮಾತ್ರ ‘ನಾನು’. ಮಾಡಿದ ತಪ್ಪನ್ನು ‘ನಾವು’ ಅನ್ನುವುದೂ, ಎಲ್ಲರೂ ಮಾಡುವ ಕೆಲಸವನ್ನು ‘ನಾನು’ ಅನ್ನುವುದೂ ಕೇಳುಗರಿಗೆ ಕೂಡಲೇ ತಿಳಿಯುತ್ತದೆ.

ಇದನ್ನೆಲ್ಲ ಕೂಡಿಸಿದರೆ ಹೇಗಿರುತ್ತದೆ ಎಂದು ಒಂದು ಮಾದರಿ ಕೊಡುತ್ತೇನೆ. ಸೋಮವಾರ 8ನೇ ತಾರೀಕು, ವಾರಕ್ಕೆ ಐದು ದಿನ ತರಗತಿ, ತೀರ್ಮಾನ ಗ್ರಂಥಾಲಯ ಸಮಿತಿಯದು ಎಂದು ಇಟ್ಟುಕೊಂಡಿದ್ದೇನೆ. ಎದುರಾಳಿಯ ಆಲೋಚನೆಯೂ, ಚುನಾವಣಾ ಸಮಿತಿ ಮತ್ತು ಹಿಂದಿನ ಸಂಘ ಮಾಡಿದ ಕೆಲಸವೂ ನನ್ನ ಊಹೆ. ನಿಮ್ಮಲ್ಲಿ ನಿಜವಾಗಿ ನಡೆದದ್ದನ್ನು ಅಲ್ಲಿ ಹಾಕಿಕೊಳ್ಳಿ.

“ಪ್ರಾಂಶುಪಾಲರಿಗೆ, ಅಧ್ಯಾಪಕರಿಗೆ, ಸಿಬ್ಬಂದಿಯವರಿಗೆ, ಗೆಳೆಯ ಗೆಳತಿಯರಿಗೆ ನಮಸ್ಕಾರ.

ನಮ್ಮ ಮತದಾರರ ಪಟ್ಟಿಯಲ್ಲಿ 1,140 ಹೆಸರಿವೆ. ಅವರಲ್ಲಿ 412 ಮಂದಿ ನನಗೆ ಮತ ಕೊಟ್ಟಿರಿ. 728 ಮಂದಿ ಕೊಡಲಿಲ್ಲ. ಈಗಷ್ಟೇ ನಾನು ಓದಿದ ಪ್ರಮಾಣದಲ್ಲಿ ಈ ಎರಡು ಗುಂಪು ಇಲ್ಲ. ವಿದ್ಯಾರ್ಥಿಗಳು ಅನ್ನುವ ಒಂದೇ ಪದ ಇದೆ.

ನನ್ನ ಎದುರು ನಿಂತ ______ ಅವರಿಗೆ 375 ಮತ ಬಂದವು. ತರಗತಿ ರದ್ದಾದರೆ ಬೆಳಗ್ಗೆ 8ಕ್ಕೇ ಗೇಟಿನ ಹತ್ತಿರದ ಫಲಕದಲ್ಲಿ ಬರೆದು ಹಾಕಬೇಕು ಎಂದು ಅವರು ಹೇಳಿದ್ದರು. ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ, ಇರಬೇಕಿತ್ತು. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ, ಸಂಘದ ಮೊದಲ ಸಭೆಯಲ್ಲಿ ಆ ವಿಷಯ ಅವರ ಹೆಸರಿನಲ್ಲೇ ಚರ್ಚೆಗೆ ಬರುತ್ತದೆ.

ಕಡಿಮೆ ಅಂತರ ಎಂದು ಮತಗಳನ್ನು ಎರಡು ಸಲ ಎಣಿಸಿದ ಚುನಾವಣಾ ಸಮಿತಿಗೆ ಧನ್ಯವಾದ. ರಸೀದಿಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿ ಲೆಕ್ಕ ಒಪ್ಪಿಸಿದ ಹಿಂದಿನ ಸಂಘಕ್ಕೆ ಧನ್ಯವಾದ.

ಗ್ರಂಥಾಲಯದ ವಿಷಯ. ಸಂಜೆ 7ರವರೆಗೆ ತೆರೆಸುತ್ತೇನೆ ಎಂದು ಪ್ರಚಾರದಲ್ಲಿ ಹೇಳಿದ್ದೆ. ಆ ಮಾತು ತಪ್ಪು. ವೇಳೆ ಬದಲಿಸುವ ಅಧಿಕಾರ ನನಗೂ ಇಲ್ಲ, ಸಂಘಕ್ಕೂ ಇಲ್ಲ. ಅದು ಗ್ರಂಥಾಲಯ ಸಮಿತಿಯದು. ನಮ್ಮಿಂದ ಆಗುವುದು ಇಷ್ಟು. ನಾಳೆಯಿಂದ 10 ಕೆಲಸದ ದಿನ, ಸಂಘದ ಇಬ್ಬರು ಸದಸ್ಯರು ಪ್ರತಿದಿನ 4:30ಕ್ಕೊಮ್ಮೆ, 4:55ಕ್ಕೊಮ್ಮೆ ಅಲ್ಲಿ ಓದುತ್ತಾ ಕೂತವರನ್ನು ಎಣಿಸುತ್ತಾರೆ. 24ನೇ ತಾರೀಕು ಬುಧವಾರ ಆ ಲೆಕ್ಕ ಸೂಚನಾ ಫಲಕದಲ್ಲಿ ಇರುತ್ತದೆ. ಅದೇ ದಿನ ಮನವಿ ಸಮಿತಿಗೆ ಹೋಗುತ್ತದೆ. ಸಮಿತಿಯ ಉತ್ತರ ಹೌದು ಎಂದಿರಲಿ, ಇಲ್ಲ ಎಂದಿರಲಿ, ಬಂದ ಹಾಗೆಯೇ ಅದೇ ಫಲಕಕ್ಕೆ ಹಾಕುತ್ತೇವೆ.

24ರಂದು ಫಲಕ ಖಾಲಿ ಇದ್ದರೆ ನನ್ನನ್ನು ಕೇಳಿ. ಇವತ್ತು ಮಧ್ಯಾಹ್ನ 3ರಿಂದ 4ರವರೆಗೆ ಸಂಘದ ಕೋಣೆಯಲ್ಲಿ ಇರುತ್ತೇನೆ. ನಮಸ್ಕಾರ.”

ತಾರೀಕು ಎಲ್ಲಿಂದ ಬಂತು ಎಂದು ನೋಡಿ. 9ರ ಮಂಗಳವಾರದಿಂದ ಐದು ದಿನದ ವಾರದಲ್ಲಿ ಹತ್ತು ಕೆಲಸದ ದಿನ ಎಣಿಸಿದರೆ 22ರ ಸೋಮವಾರಕ್ಕೆ ಮುಗಿಯುತ್ತದೆ. ಎರಡು ದಿನ ಹೆಚ್ಚುವರಿ ಇಟ್ಟು 24 ಎಂದು ಹೇಳಿದೆ, ನಡುವೆ ಒಂದು ದಿನ ರಜೆ ಬಂದರೂ ಮಾತು ಉಳಿಯುತ್ತದೆ. ನಿಮ್ಮ ಕಾಲೇಜಿನ ಕ್ಯಾಲೆಂಡರ್ ಎದುರಿಗೆ ಇಟ್ಟುಕೊಂಡೇ ಈ ಲೆಕ್ಕ ಮಾಡಿ. ಪರೀಕ್ಷೆಯ ವಾರದಲ್ಲಿ ಗ್ರಂಥಾಲಯ ತುಂಬಿರುತ್ತದೆ, ಆ ಅಂಕಿಯನ್ನು ಸಮಿತಿ ಒಪ್ಪುವುದಿಲ್ಲ. ಕ್ರೀಡಾಕೂಟದ ವಾರದಲ್ಲಿ ಖಾಲಿ ಇರುತ್ತದೆ, ಆ ಅಂಕಿ ನಿಮಗೇ ತಿರುಗುತ್ತದೆ.

ಕೊನೆಯ ವಾಕ್ಯ ಯಾಕೆ ಇಷ್ಟು ಸಪ್ಪೆ ಎಂದು ನಿಮಗೆ ಅನ್ನಿಸಬಹುದು. ಗಾದೆಯೋ ಕವಿತೆಯ ಸಾಲೋ ಇಟ್ಟು ಮುಗಿಸುವ ಆಸೆ ಎಲ್ಲರಿಗೂ ಇರುತ್ತದೆ. ಹಾಗೆ ಮುಗಿಸಿದರೆ ಜನ ಆ ಸಾಲಿಗೆ ಚಪ್ಪಾಳೆ ಹೊಡೆದು ತಾರೀಕು ಮರೆಯುತ್ತಾರೆ. ಕೊನೆಗೆ ಕೇಳಿದ್ದು ಹೆಚ್ಚು ನೆನಪಿನಲ್ಲಿ ಉಳಿಯುವುದರಿಂದ, ಅಲ್ಲಿ ಇರಬೇಕಾದ್ದು ಎಲ್ಲಿಗೆ ಬರಬೇಕು, ಯಾವಾಗ ಕೇಳಬೇಕು ಅನ್ನುವುದು.

ಪ್ರತಿಯನ್ನು ಅಚ್ಚು ಹಾಕುವಾಗ ಅಕ್ಷರ 18 ಪಾಯಿಂಟ್ ಇರಲಿ, ಸಾಲುಗಳ ನಡುವೆ ಜಾಗ ದುಪ್ಪಟ್ಟು. ಹಾಳೆಯ ಕೆಳಗಿನ ಮೂರನೇ ಒಂದು ಭಾಗ ಖಾಲಿ ಬಿಡಿ. ಕೆಳಗಿನ ಸಾಲು ಓದುವಾಗ ಗದ್ದ ಎದೆಗೆ ತಾಗಿ ಧ್ವನಿ ಮೈಕಿನಿಂದ ಜಾರುತ್ತದೆ. ಹಾಳೆಯ ಒಂದೇ ಬದಿಗೆ ಅಚ್ಚಾಗಲಿ, ಪುಟಸಂಖ್ಯೆ ದೊಡ್ಡದಾಗಿರಲಿ, ಪಿನ್ ಹೊಡೆಯಬೇಡಿ. ಒಂದು ವಾಕ್ಯ ಎರಡು ಹಾಳೆಗೆ ಹರಿಯಬಾರದು. ಸಂಖ್ಯೆಗಳನ್ನು ನಿಮ್ಮ ಪ್ರತಿಯಲ್ಲಿ ಅಕ್ಷರದಲ್ಲೇ ಬರೆದುಕೊಳ್ಳಿ: ಸಾವಿರದ ನೂರ ನಲವತ್ತು, ನಾನೂರ ಹನ್ನೆರಡು, ನಾಲ್ಕೂವರೆಗೊಮ್ಮೆ, ಐದಕ್ಕೆ ಐದು ನಿಮಿಷ ಇರುವಾಗ ಒಮ್ಮೆ. ಅಂಕಿ ನೋಡಿದ ಕಣ್ಣು ಅದನ್ನು ಪದ ಮಾಡುವ ಹೊತ್ತಿಗೆ ನಾಲಿಗೆ ತೊಡರುತ್ತದೆ, ಅದೂ ಈ ಭಾಷಣದಲ್ಲಿ ತೊಡರಬಾರದ ಜಾಗದಲ್ಲಿ.

ಪ್ರಮಾಣಪತ್ರಕ್ಕೆ ಸಹಿ ಹಾಕಿದ ಕೂಡಲೇ ಕೈ ನಡುಗುವುದು ಸಹಜ. ಹಾಳೆ ಕೈಯಲ್ಲಿದ್ದರೆ ನಡುಕ ಇಡೀ ಸಭೆಗೆ ಕಾಣುತ್ತದೆ, ಮೈಕ್ ಹತ್ತಿರವಿದ್ದರೆ ಕೇಳಿಸಲೂ ಕೇಳಿಸುತ್ತದೆ. ಪೋಡಿಯಂ ಮೇಲೆ ಇಟ್ಟು ಓದಿ. ಪೋಡಿಯಂ ಇಲ್ಲದಿದ್ದರೆ ಹಾಳೆಗಳನ್ನು ಗಟ್ಟಿ ರಟ್ಟಿಗೆ ಕ್ಲಿಪ್ ಮಾಡಿ ಹಿಡಿಯಿರಿ. ಮೈಕ್ ಬಾಯಿಂದ ಒಂದು ಗೇಣಿನಷ್ಟು ದೂರ, ಗದ್ದದ ಮಟ್ಟದಲ್ಲಿ ಇರಲಿ. ನಿಮಗಿಂತ ಮೊದಲು ಮಾತಾಡಿದವರು ಎತ್ತರದವರಾಗಿದ್ದರೆ ಮೊದಲು ಮೈಕ್ ಇಳಿಸಿ, ಆಮೇಲೆ ಬಾಯಿ ತೆರೆಯಿರಿ. ಬಾಯಿಪಾಠ ಮಾಡಬೇಕಾದ್ದು ಅಂಕಿಗಳಿರುವ ಎರಡನೇ ಭಾಗವನ್ನೂ ಕೊನೆಯ ಎರಡು ವಾಕ್ಯಗಳನ್ನೂ ಮಾತ್ರ. ಅಲ್ಲಿ ಕಣ್ಣು ಸಭೆಯ ಮೇಲಿರಬೇಕು. ಉಳಿದದ್ದನ್ನು ಓದಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

‘412 ಮಂದಿ’ ಅಂದ ಕೂಡಲೇ ನಿಮ್ಮ ಬೆಂಬಲಿಗರು ಕೂಗು ಹಾಕುವ ಸಂಭವ ಹೆಚ್ಚು. ಅಲ್ಲಿ ನಿಲ್ಲಿಸಿದರೆ ‘728’ ಬರುವ ಮೊದಲೇ ಸಭೆ ಎರಡು ಪಾಲಾಗುತ್ತದೆ. ಆ ಎರಡು ವಾಕ್ಯಗಳನ್ನು ಒಂದೇ ಉಸಿರಿನಲ್ಲಿ, ನಡುವೆ ತಡೆಯದೆ ಹೇಳಿ. ಆದರೂ ಕೂಗಿದರೆ ನಗದೆ, ಕೈ ಎತ್ತದೆ ಸುಮ್ಮನೆ ನಿಂತು, ಸದ್ದು ಇಳಿದ ಮೇಲೆ ‘728 ಮಂದಿ ಕೊಡಲಿಲ್ಲ’ ಎಂದು ಅದೇ ದನಿಯಲ್ಲಿ ಮುಂದುವರಿಸಿ. ಹಿಂದಿನ ದಿನವೇ ನಿಮ್ಮ ಕಡೆಯವರಿಗೆ ಘೋಷಣೆ ಬೇಡ ಎಂದು ಹೇಳಿಟ್ಟರೆ ಇನ್ನೂ ಒಳ್ಳೆಯದು.

ಕಾರ್ಯಕ್ರಮ ತಡವಾಗಿ ‘ಒಂದೇ ನಿಮಿಷದಲ್ಲಿ ಮುಗಿಸಿ’ ಎಂದು ಚೀಟಿ ಬಂದರೆ ವೇಗವಾಗಿ ಓದಬೇಡಿ, ಭಾಗಗಳನ್ನು ಬಿಡಿ. ಮತಗಳ ಭಾಗ, ‘ಆ ಮಾತು ತಪ್ಪು’ ಅನ್ನುವಲ್ಲಿಂದ ಫಲಕದವರೆಗಿನ ಭಾಗ, ಕೊನೆಯ ಎರಡು ವಾಕ್ಯ. ಇಷ್ಟನ್ನು ಒಂದು ಚಿಕ್ಕ ಕಾರ್ಡಿನಲ್ಲಿ ಬೇರೆಯಾಗಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿರಿ. ಎದುರಾಳಿಯ ಭಾಗ ಬಿಟ್ಟುಹೋದರೆ ಇಳಿದ ಕೂಡಲೇ ಅವರ ಹತ್ತಿರ ಹೋಗಿ ಕಾರಣ ಹೇಳಿ, ಯಾಕೆಂದರೆ ಅವರು ಅದಕ್ಕಾಗಿ ಕಾಯುತ್ತಿರುತ್ತಾರೆ.

ಭಾಷಣದ ಒಂದು ಪ್ರತಿಯನ್ನು ಅದೇ ದಿನ ಸಂಘದ ಕಾರ್ಯದರ್ಶಿಗೆ ಕೊಟ್ಟು, ಮೊದಲ ಸಭೆಯ ನಡವಳಿ ಪುಸ್ತಕಕ್ಕೆ ಅಂಟಿಸಲು ಹೇಳಿ. 9ನೇ ತಾರೀಕು 4:30ಕ್ಕೆ ಎಣಿಸಲು ಹೋಗುವ ಇಬ್ಬರು ಯಾರು ಅನ್ನುವುದು ಮಾತ್ರ ನೀವು ವೇದಿಕೆ ಹತ್ತುವ ಮೊದಲೇ ತೀರ್ಮಾನವಾಗಿರಲಿ.